ಗೈಡ್ ಬದಲಿಸಿ ಅಂತ ಪತ್ರ ಕೊಡಲೇ? (ಓದುಗರ ಸ್ಪಂದನ)

ಕುಮಟಾ ಕಡೆಯ ಓದುಗರೊಬ್ಬರ ಸಮಸ್ಯೆಯನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅಘನಾಶಿನಿ ದಂಡೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ಮೇಲೆ ಅವರ ಪಿಎಚ್‌ಡಿ. ಎರಡು ವರ್ಷದಿಂದ ಗೈಡ್ ಒಂದು ಅಧ್ಯಾಯವನ್ನೂ ಓದಿಲ್ಲ, ಮೇಲ್‌ಗೆ ಉತ್ತರವಿಲ್ಲ. ಆದರೆ ಪ್ರಗತಿ ವರದಿಗೆ ಮಾತ್ರ ಪ್ರತಿ ಸಲ ಸಹಿ ಬೀಳುತ್ತದೆ. ಗೈಡ್ ಬದಲಿಸಲು ಕೋರಿ ವಿಭಾಗಕ್ಕೆ ಬರೆದ ಪತ್ರ ಸಿದ್ಧವಿದೆ, ಕೊಡಲೇ ಬೇಡವೇ ಎಂದು ಕೇಳಿದ್ದರು. ಪತ್ರದಲ್ಲಿ ‘ಬೇಜವಾಬ್ದಾರಿ’ ಎಂಬ ಮಾತು ನಾಲ್ಕು ಕಡೆ ಇತ್ತು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ಶಿರಸಿಯಿಂದ, ಕಾಲೇಜು ಉಪನ್ಯಾಸಕಿ

ತಂಗಿ, ನಿನ್ನ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಂಥದೇ ಪತ್ರ ನಾನೂ ಕೊಟ್ಟಿದ್ದೆ. ಆಮೇಲೆ ಏನಾಯ್ತು ಅಂತ ಹೇಳ್ತೇನೆ, ನಿನಗೆ ಉಪಯೋಗವಾದೀತು.

ನನ್ನ ಅರ್ಜಿ ವಿಭಾಗಕ್ಕೆ ಹೋಯಿತು. ವಿಭಾಗದವರು ಅದನ್ನು ಸಂಶೋಧನಾ ಸಲಹಾ ಸಮಿತಿಗೆ ಕಳಿಸಿದರು. ಆ ಸಮಿತಿಯ ಸಂಚಾಲಕರು ಯಾರು? ನನ್ನ ಗೈಡೇ! ಇದು ಯಾರೋ ಮಾಡಿದ ಕುತಂತ್ರ ಅಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲೂ ಗೈಡೇ ಆ ಸಮಿತಿಯ ಸಂಚಾಲಕರು. ಅಂದರೆ ಯಾರ ಮೇಲೆ ದೂರೋ ಅವರ ಕೈಗೇ ದೂರು. ಮೀಟಿಂಗಿನಲ್ಲಿ ಸರ್ ನನ್ನ ಫೈಲು ತೆಗೆದು, ತಾವೇ ಸಹಿ ಮಾಡಿದ್ದ ಪ್ರಗತಿ ವರದಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಎಲ್ಲದರಲ್ಲೂ ‘ಪ್ರಗತಿ ತೃಪ್ತಿಕರ’. “ಮಾರ್ಗದರ್ಶನ ಇಲ್ಲದೆ ತೃಪ್ತಿಕರ ಹೇಗಾಯ್ತಮ್ಮ?” ಅಂತ ಇನ್ನೊಬ್ಬ ಸದಸ್ಯರು ಕೇಳಿದರು. ಸುತ್ತ ಕೂತವರು ನಕ್ಕರು. ಇವತ್ತಿಗೂ ನನಗೆ ಆ ನಗು ಕೇಳಿಸುತ್ತದೆ.

ಅದಕ್ಕೇ ಹೇಳೋದು, ನಿನ್ನ ಪತ್ರದಲ್ಲಿ ಆ ಸಹಿಗಳಿಗೆ ಮೊದಲೇ ಉತ್ತರ ಇರಲಿ. ‘ವರದಿಗೆ ಸಹಿ ಆಗಿದೆ. ಆದರೆ ಇಂಥ ತಾರೀಕಿಗೆ ಕೊಟ್ಟ ಎರಡನೇ ಅಧ್ಯಾಯದ ಕರಡು ಇವತ್ತಿನವರೆಗೆ ಟಿಪ್ಪಣಿಯೊಂದಿಗೆ ವಾಪಸ್ ಬಂದಿಲ್ಲ’ ಅಂತ ಬರಿ. ‘ಬೇಜವಾಬ್ದಾರಿ’ ತೆಗೆದು ಹಾಕು. ಅದನ್ನು ಓದಿದ ಕೂಡಲೇ ವಿಭಾಗ ತನ್ನವರ ಪರ ನಿಂತುಬಿಡುತ್ತದೆ. ತಾರೀಕಿನ ಎದುರು ಹಾಗೆ ನಿಲ್ಲೋಕೆ ಆಗಲ್ಲ. ಒಂದು ಪಟ್ಟಿ ಮಾಡು: ಎಡಗಡೆ ನೀನು ಕಳಿಸಿದ್ದು, ಬಲಗಡೆ ಬಂದ ಉತ್ತರ. ಬಲಗಡೆ ಖಾಲಿ ಇದ್ದರೆ ಖಾಲಿಯೇ ಇರಲಿ.

ಇನ್ನೊಂದು. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ನೀನು ಆ ಸಮಿತಿ ಎದುರು ಕೆಲಸ ಮಂಡಿಸಬೇಕು, ಸಮಿತಿಯ ಶಿಫಾರಸಿನ ಪ್ರತಿ ನಿನಗೂ ಸಿಗಬೇಕು. ಇದೂ ಅದೇ ನಿಯಮದಲ್ಲಿದೆ. ಅಂಥ ಸಭೆ ನಡೆದೇ ಇಲ್ಲ ಅಂದರೆ ಅದನ್ನೇ ಪತ್ರದ ಮೊದಲ ಪ್ಯಾರಾದಲ್ಲಿ ಹಾಕು. ‘ಸರ್ ಫೋನ್ ಎತ್ತಲ್ಲ’ ಅನ್ನೋದು ನಿನ್ನ ಮಾತಿಗೆ ಎದುರು ಅವರ ಮಾತು. ಸಭೆ ನಡೆದಿದೆಯೋ ಇಲ್ಲವೋ ಅನ್ನೋದು ವಿಭಾಗದ ಕಡತವೇ ಹೇಳುವ ಮಾತು.

ಅರ್ಜಿಯನ್ನು ವಿಭಾಗದ ಮುಖ್ಯಸ್ಥರ ಹೆಸರಿಗೇ ಬರಿ. ‘ಗೈಡ್ ಮೂಲಕ’ ಅಂತ ಹಾಕಿದರೆ ಅವರ ಸಹಿಗೆ ಮತ್ತೆ ಅಲೆಯಬೇಕು. ಗೈಡೇ ಮುಖ್ಯಸ್ಥರಾಗಿದ್ದರೆ ಡೀನ್‌ಗೆ ಕೊಡು. ಈ ವಿಷಯ ಚರ್ಚೆಗೆ ಬರುವಾಗ ಗೈಡ್ ಬದಲು ಬೇರೆಯವರು ಸಭೆ ನಡೆಸಲಿ ಅಂತ ಅರ್ಜಿಯಲ್ಲೇ ಕೇಳು. ನಾನು ಗೈಡ್ ಬದಲಾಯಿಸಿಕೊಂಡೇ ಪಿಎಚ್‌ಡಿ ಮುಗಿಸಿದೆ, ಆದರೆ ಆ ಸಭೆಯ ಮುಂದೆ ಕೂತದ್ದು ಇನ್ನೂ ಮರೆತಿಲ್ಲ.

ಕಾರವಾರದಿಂದ, ನಿವೃತ್ತ ಪ್ರಾಧ್ಯಾಪಕರು

ಪಿಎಚ್‌ಡಿ ಅಂದರೆ ಟ್ಯೂಷನ್ ಅಲ್ಲ. ನಮ್ಮ ಗೈಡ್ ನಮಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದರು. ನಾವು ಬರೆದೆವು, ಪಾಸಾದೆವು. ಪತ್ರ ಬರೆಯುವ ಹೊತ್ತಲ್ಲಿ ಅಧ್ಯಾಯ ಬರೆಯಿರಿ.

*ಅಧ್ಯಾಯ ಬರೆದಾಗಿದೆ, ಓದುವವರಿಲ್ಲ ಎಂಬುದೇ ಪ್ರಶ್ನೆಯಾಗಿತ್ತು. ಆದರೂ ಹಿರಿಯರ ಮಾತು ಇರಲಿ. - ಸಂ.*

ಅಂಕೋಲಾದಿಂದ, ಗೈಡ್ ಆಗಿರುವ ಒಬ್ಬರು

ಮೇಜಿನ ಈಚೆ ಕಡೆಯಿಂದ ಎರಡು ಮಾತು. ಪ್ರೊಫೆಸರ್‌ಗೆ ಎಂಟು, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳು ಅನ್ನೋದು ಮಿತಿ. ನ್ಯಾಕ್ ಕಡತ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಇದರ ಜೊತೆಗೆ. ಎರಡು ವರ್ಷ ಓದದೇ ಇರೋದನ್ನು ನಾನು ಸಮರ್ಥಿಸಲ್ಲ. ಆದರೆ ಹೊಸ ಗೈಡ್ ಬೇಕು ಅಂದರೆ ಯಾರ ಹತ್ತಿರ ಸೀಟು ಖಾಲಿ ಇದೆ ಅಂತ ಮೊದಲು ನೋಡಬೇಕು. ಅಂಥವರನ್ನು ಕಂಡು, ಒಪ್ಪಿಗೆಯನ್ನು ಲಿಖಿತವಾಗಿ ಪಡೆದು ಅರ್ಜಿಗೆ ಲಗತ್ತಿಸಿ. ಹೆಸರಿಲ್ಲದೆ ‘ಬದಲಿಸಿ’ ಅಂದರೆ ‘ಖಾಲಿ ಇಲ್ಲ’ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ, ಕತೆ ಮುಗೀತು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತಗೊಳ್ಳೋ ಹಾಗಿಲ್ಲ, ಅವರ ಹಿಂದೆ ಸುಮ್ನೆ ಅಲೆಯಬೇಡಿ. ಯಾರೂ ಸಿಗದಿದ್ದರೆ ಕೋ-ಗೈಡ್ ಕೇಳಿ. ಅದಕ್ಕೆ ಹಳೆಯ ಗೈಡ್ ಸಹ ಬೇಗ ಒಪ್ಪುತ್ತಾರೆ, ಮುಖ ಉಳಿಯುತ್ತದಲ್ಲ.

*ಕೋ-ಗೈಡ್ ಸಲಹೆಯನ್ನು ಇನ್ನೂ ಕೆಲವರು ಕೊಟ್ಟಿದ್ದಾರೆ. ಅಧ್ಯಾಯದ ಮೇಲೆ ಕೊನೆಯ ಸಹಿ ಆಗಲೂ ಹಳಬರದೇ ಎಂಬುದು ನೆನಪಿರಲಿ. - ಸಂ.*

ಹೊನ್ನಾವರದಿಂದ, ಒಬ್ಬ ತಾಯಿ

ಹುಡುಗಿ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ ಅಂತ ನನಗೆ ಚಿಂತೆ. ನನ್ನ ಮಗನೂ ಹೀಗೇ ಆಗಿ ಆರು ಕೆಜಿ ಇಳಿದಿದ್ದ. ಬಿ.ಎಡ್. ಮಾಡ್ಕೊಂಡು ಊರಲ್ಲೇ ಇರು ತಂಗಿ.

ಭಟ್ಕಳದಿಂದ, ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿದ್ದವರು

ನಾನು ಸೆಕ್ಷನ್ನಿನಲ್ಲಿ ಕೂತು ಇಂಥ ಅರ್ಜಿ ಬಹಳ ನೋಡಿದ್ದೇನೆ. ಕೈಯಲ್ಲಿ ಕೊಟ್ಟು ಬಂದ ಅರ್ಜಿ ಎಷ್ಟೋ ಸಲ ಸಿಗುವುದೇ ಇಲ್ಲ. ಟಪಾಲು ಮೇಜಿನಲ್ಲಿ ಇನ್ವರ್ಡ್ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ನಂಬರು, ತಾರೀಕು ಹಾಕಿಸಿಕೊಳ್ಳಿ. ಕುಲಸಚಿವರಿಗೆ ಒಂದು ಪ್ರತಿ.

ಜನ ಮರೆಯುವ ಸಾಲು ಒಂದಿದೆ: ‘ನನ್ನ ನೋಂದಣಿ ದಿನಾಂಕ ಮತ್ತು ಅನುಮೋದಿತ ವಿಷಯ ಹಾಗೆಯೇ ಮುಂದುವರಿಯಲಿ.’ ಇದು ಇಲ್ಲದಿದ್ದರೆ ಕೆಳಗಿನವರು ಫೈಲಿನಲ್ಲಿ ‘ಹೊಸ ನೋಂದಣಿ?’ ಅಂತ ಪ್ರಶ್ನೆ ಹಾಕಿ ಇಡುತ್ತಾರೆ. ಪಿಎಚ್‌ಡಿಗೆ ಮೂರು ವರ್ಷ ಕನಿಷ್ಠ, ಆರು ಗರಿಷ್ಠ. ಮರು ನೋಂದಣಿಯಲ್ಲಿ ಇನ್ನೆರಡು ಸಿಗಬಹುದು, ಮಹಿಳೆಯರಿಗೆ ಅದರ ಮೇಲೂ ಎರಡು. ಆದರೆ ಗೈಡ್ ಓದದ ವರ್ಷಗಳೂ ಆ ಲೆಕ್ಕದಲ್ಲೇ ಇರುತ್ತವೆ.

ವಿಭಾಗ ಸುಮ್ಮನೆ ಕೂತರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. 2023ರ ಯುಜಿಸಿ ನಿಯಮದಂತೆ ಅದು 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಅಲ್ಲೂ ಸರಿಹೋಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇದ್ದಾರೆ. ಅಲ್ಲಿಯೂ ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ.

*ಈ ಪತ್ರವನ್ನು ನಮ್ಮ ಕುಮಟಾದ ಓದುಗರಿಗೆ ಪ್ರಕಟಣೆಗೆ ಮೊದಲೇ ಕಳಿಸಿಕೊಟ್ಟಿದ್ದೇವೆ. - ಸಂ.*

ಅಘನಾಶಿನಿ ದಂಡೆಯಿಂದ, ಗಜನಿ ರೈತರೊಬ್ಬರು

ಗೈಡ್ ವಿಷಯ ನಮಗೆ ತಿಳಿಯದು. ಕಗ್ಗದ ವಿಷಯ ತಿಳಿಯುತ್ತದೆ. ಮುಂಗಾರಿನ ಮಳೆ ಬಿದ್ದು ಗದ್ದೆಯ ಉಪ್ಪು ತೊಳೆದ ಮೇಲೆ ಬಿತ್ತನೆ, ಮಳೆಗಾಲ ಮುಗಿಯುವ ಹೊತ್ತಿಗೆ ಕೊಯ್ಲು. ನಡುವೆ ಕಟ್ಟ ಒಡೆದರೆ ಉಪ್ಪುನೀರು ನುಗ್ಗಿ ಆ ವರ್ಷದ ಬೆಳೆ ಹೋಯಿತು. ನೀವು ಮೇಲಿನವರ ಒಪ್ಪಿಗೆ ಬರಲಿ ಅಂತ ಜುಲೈ ತನಕ ಕಾದರೆ ನಿಮಗೆ ಹೋಗೋದು ಎರಡು ತಿಂಗಳಲ್ಲ, ಒಂದು ವರ್ಷ. ಇದನ್ನು ನಿಮ್ಮ ಪತ್ರದಲ್ಲಿ ಬರೀರಿ, ಪೇಟೆಯ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ. ಗೈಡ್ ಹೊಸಬರೋ ಹಳಬರೋ, ಮಳೆ ಹಿಡಿದ ಕೂಡಲೇ ನೀರಿನ ಉಪ್ಪು ಅಳೆಯಲು ಬನ್ನಿ. ಭರತ ಇಳಿತ ನೋಡಿಕೊಂಡು ಬನ್ನಿ, ದೋಣಿ ನಾವು ಕೊಡುತ್ತೇವೆ.