ಗೊಬ್ಬರ ಇಳಿದ ಮ್ಯಾಲ ಮಗಳಿಗೆ ಸಂಜೀಕ ಕಣ್ಣು ಕಾಣವಲ್ದು

ಸಿಂಧನೂರು ಕಡೆಯ ತಾಯಿ:
ನಮಸ್ಕಾರ ರೀ ಡಾಕ್ಟ್ರೇ, ನನ್ನ ಮಗಳಿಗೆ ನಾಲ್ಕು ವರ್ಷ, ಒಂದೂವರೆ ತಿಂಗಳ ಹಿಂದ ಗೊಬ್ಬರ, ಅಂದ್ರ ದಡಾರ, ಎದ್ದಿತ್ತು, ಅದು ಇಳಿದ ಮ್ಯಾಲ ಹತ್ತು ದಿನ ಭೇದಿ ಆತು. ಈಗ ಹದಿನೈದು ದಿನದಿಂದ ದೀಪ ಹಚ್ಚೋ ಹೊತ್ತಾದ್ರ ಕುಂತಲ್ಲೇ ಕುಂದರ್ತಾಳ, ಎದ್ರ ಗ್ವಾಡಿ ಹಿಡಕೊಂಡು ನಡೀತಾಳ, ನಿನ್ನೆ ಅಂಗಳದಾಗ ಮಲಗಿದ ಕರು ತುಳಿದು ಬಿದ್ಲು. ಹಗಲಿನ್ಯಾಗ ಸಣ್ಣ ಇರುವಿನೂ ಕಾಣ್ತದ. ನಮ್ಮತ್ತಿ ಇರುಳುಗಣ್ಣು ಅಂತಾರ. ದಿನಾ ಗಜ್ಜರಿ ತಿನಸಾಕ ಹತ್ತೀನಿ, ಎಷ್ಟು ದಿನಕ್ಕ ಕಮ್ಮಿ ಆಗ್ತದ ರೀ?

ಕಣ್ಣಿನ ಡಾಕ್ಟರ್, ಮೈಸೂರು:
ಅಮ್ಮ, ಗಜ್ಜರಿ ಕೊಡೋದು ನಿಲ್ಲಿಸ್ಬೇಡಿ, ಆದ್ರೆ ಅದನ್ನೇ ನಂಬಿ ಇನ್ನು ಒಂದು ದಿನಾನೂ ಕಾಯ್ಬೇಡಿ. ನಿಮ್ಮ ಅತ್ತೆಯವರು ಹೇಳಿದ್ದು ಸರಿ ಇರೋ ಹಾಗೇ ಕಾಣ್ತಿದೆ, ವಿಟಮಿನ್ ಎ ಕೊರತೆಯಿಂದ ಬರೋ ಇರುಳುಗಣ್ಣು. ನಾಳೆ ಬೆಳಿಗ್ಗೆ ತಾಯಿ ಕಾರ್ಡ್ ಹಿಡ್ಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗೊಬ್ಬರ ಎದ್ದಿತ್ತು, ಆಮೇಲೆ ಭೇದಿ ಆಯ್ತು, ಈಗ ಸಂಜೆ ಕಣ್ಣು ಕಾಣಲ್ಲ, ಈ ಮೂರೂ ಮಾತನ್ನ ಇದೇ ಕ್ರಮದಲ್ಲಿ ಹೇಳಿ. ನಾಲ್ಕು ವರ್ಷದ ಮಗುವಿಗೆ ವಿಟಮಿನ್ ಎ ಸಿರಪ್ 2 ಲಕ್ಷ ಯೂನಿಟ್ ಅವತ್ತೇ ಒಂದು ಸಲ, ಮಾರನೇ ದಿನ ಇನ್ನೊಂದು ಸಲ, ಎರಡು ವಾರ ಬಿಟ್ಟು ಮೂರನೇ ಸಲ ಕೊಡ್ತಾರೆ. ಅವರೇ ಅಳೆದು ಕೊಡ್ಲಿ, ಅಂಗಡಿಯಿಂದ ತಂದು ನೀವೇ ಕುಡಿಸೋದು ಬೇಡ.

ಹೋಗೋ ಮುಂಚೆ ಬೆಳಕಲ್ಲಿ ಕೂರಿಸ್ಕೊಂಡು ಕಣ್ಣು ನೋಡಿ. ಎರಡು ಕಡೆ ನೋಡ್ಬೇಕು. ಒಂದು, ಕಣ್ಣಿನ ಬಿಳಿ ಭಾಗದಲ್ಲಿ ಕಿವಿ ಕಡೆಯ ಮೂಲೆಗೆ ಸೋಪಿನ ನೊರೆ ಒಣಗಿ ಅಂಟಿದ ಹಾಗೆ ಮಚ್ಚೆ ಇದೆಯಾ ಅಂತ. ಇದ್ರೆ ಒರೆಸೋಕೆ ಹೋಗ್ಬೇಡಿ, ನೊರೆ ಬಂದ್ರೂ ಮತ್ತೆ ಕೂರುತ್ತೆ. ಎರಡನೇದು ಇನ್ನೂ ಮುಖ್ಯ, ಕಪ್ಪು ಗುಡ್ಡೆ. ಅದು ಒದ್ದೆ ಗಾಜಿನ ಹಾಗೆ ಹೊಳೀಬೇಕು, ಟಾರ್ಚ್ ಬಿಟ್ರೆ ಬೆಳಕಿನ ಚುಕ್ಕಿ ಚೂಪಾಗಿ ಕಾಣ್ಬೇಕು. ಆ ಹೊಳಪು ಹೋಗಿ ಮಂಕಾಗಿದ್ರೆ, ಬಿಳುಪು ಕಂಡ್ರೆ, ಅಥವಾ ಮಗು ಬೆಳಕಿಗೆ ಕಣ್ಣೇ ಬಿಡದಿದ್ರೆ ನಾಳೆ ಅನ್ಬೇಡಿ, ಇವತ್ತೇ ರಾತ್ರಿ ಹೊರಡಿ. ಆ ಹಂತದಲ್ಲಿ ಗುಡ್ಡೆ ಒಂದೆರಡು ದಿನದಲ್ಲೇ ಮೆತ್ತಗಾಗಿ ಕರಗಿಹೋಗೋದನ್ನ ನಾನು ನೋಡಿದೀನಿ, ಆಮೇಲೆ ಎಷ್ಟು ಸಿರಪ್ ಕೊಟ್ರೂ ಆ ಕಣ್ಣು ವಾಪಸ್ ಬರಲ್ಲ.

ಒಂದು ಮಾತು ಕೇಳ್ಬೇಕಿತ್ತು. ಗೊಬ್ಬರ ಎದ್ದಾಗ ಮಗುವಿಗೆ ಏನು ಊಟ ಕೊಟ್ರಿ, ಎಷ್ಟು ದಿನ?

ದಾವಣಗೆರೆಯ ಒಬ್ಬರು:
ಸರ್ ಕ್ಷಮಿಸಿ, ಸಿರಪ್ ಎಲ್ಲಾ ಯಾಕೆ, ಕ್ಯಾರೆಟ್ ಜ್ಯೂಸ್ ದಿನಾ ಎರಡು ಲೋಟ ಹಸಿದಾಗಿ ಕೊಟ್ರೆ ಸಾಕು ಅಲ್ವಾ, ನನ್ನ ತಮ್ಮನ ಮಗಳಿಗೆ ಆರು ತಿಂಗಳು ಕೊಟ್ಟಿದೀವಿ, ಕನ್ನಡಕದ ನಂಬರೇ ಇಳೀತು, ನ್ಯಾಚುರಲ್ ಆಗಿದ್ರೆ ಒಳ್ಳೇದು.

ಕಣ್ಣಿನ ಡಾಕ್ಟರ್:
ಕ್ಯಾರೆಟ್‌ಗೂ ಇರುಳುಗಣ್ಣಿಗೂ ಸಂಬಂಧ ಇರೋದು ನಿಜ, ಅಲ್ಲಿವರೆಗೆ ನೀವು ಹೇಳಿದ್ದು ಸರಿ. ಕನ್ನಡಕದ ನಂಬರ್ ಬೇರೆ ವಿಷಯ, ಅದು ಕಣ್ಣಿನ ಉದ್ದಗಿಡ್ಡದಿಂದ ಬರೋದು, ಕ್ಯಾರೆಟ್‌ನಿಂದ ಇಳಿಯಲ್ಲ.

ಈಗ ಲೆಕ್ಕ ನೋಡಿ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 500 ಮೈಕ್ರೋಗ್ರಾಂ ವಿಟಮಿನ್ ಎ ಬೇಕು. ಕ್ಯಾರೆಟ್‌ನಲ್ಲಿ, ಸೊಪ್ಪಲ್ಲಿ ಇರೋದು ನೇರ ವಿಟಮಿನ್ ಅಲ್ಲ, ಅದರ ಕಚ್ಚಾ ಮಾಲು. ಅಂಥಾ ಹನ್ನೆರಡು ಪಾಲು ತಿಂದ್ರೆ ಮೈಗೆ ಒಂದು ಪಾಲು ದಕ್ಕುತ್ತೆ ಅಂತ ಲೆಕ್ಕ ಹಾಕ್ತಾರೆ. ಒಂದು ದೊಡ್ಡ ಕ್ಯಾರೆಟ್ ಬೇಯಿಸಿ ಎಣ್ಣೆ ಹಾಕಿ ಕೊಟ್ರೆ ಹೆಚ್ಚುಕಡಿಮೆ ಒಂದು ದಿನದ ಪಾಲು. ಆರೋಗ್ಯವಾಗಿರೋ ಮಗುವಿಗೆ ಅಷ್ಟು ಸಾಕು. ಆದ್ರೆ ನಮ್ಮ ಲಿವರ್ ಅನ್ನೋದು ಈ ವಿಟಮಿನ್‌ನ ಕಣಜ, ತಿಂಗಳುಗಟ್ಲೆ ಆಗೋವಷ್ಟು ಕೂಡಿಟ್ಕೊಂಡಿರುತ್ತೆ, ಸಂಜೆ ಕಣ್ಣು ಕಾಣಲ್ಲ ಅಂದ್ರೆ ಆ ಕಣಜದ ತಳ ಬಳಿದು ಆಗಿದೆ ಅಂತ ಅರ್ಥ. 2 ಲಕ್ಷ ಯೂನಿಟ್‌ನ ಒಂದು ಡೋಸ್ ಅಂದ್ರೆ 60,000 ಮೈಕ್ರೋಗ್ರಾಂ, ನಾಲ್ಕು ತಿಂಗಳ ಪಾಲು ಒಂದೇ ಚಮಚದಲ್ಲಿ. ನೂರಿಪ್ಪತ್ತು ಕ್ಯಾರೆಟ್ ನಾಳೆ ಸಂಜೆ ಒಳಗೆ ಆ ಮಗು ತಿನ್ನೋಕಾಗುತ್ತಾ? ಭೇದಿ ಆಗಿ ಸೊರಗಿರೋ ಕರುಳಿಗೆ ಕಚ್ಚಾ ಮಾಲನ್ನ ವಿಟಮಿನ್ ಮಾಡೋ ಶಕ್ತಿನೂ ಕಮ್ಮಿ ಇರುತ್ತೆ. ಹಸಿ ಜ್ಯೂಸ್‌ನಲ್ಲಿ ಎಣ್ಣೆನೂ ಇಲ್ಲ.

ಸಿಂಧನೂರು ಕಡೆಯ ತಾಯಿ:
ಡಾಕ್ಟ್ರೇ ಊಟದ್ದು ಕೇಳಿದ್ರಿ. ಗೊಬ್ಬರ ಅಂದ್ರ ನಮ್ಮಲ್ಲಿ ಅಮ್ಮ ಬಂದಾಳ ಅಂತಾರ ರೀ, ಮನ್ಯಾಗ ಒಗ್ಗರಣಿ ಹಾಕಂಗಿಲ್ಲ, ಎಣ್ಣಿ ಇಲ್ಲ, ಪಲ್ಯ ಇಲ್ಲ, ಬರೀ ಮೊಸರನ್ನ, ಜ್ವಾಳದ ನುಚ್ಚು. ಆಮ್ಯಾಲ ಭೇದಿ ಅಂತ ಮತ್ತ ಬರೀ ಗಂಜಿ. ಎಲ್ಲಾ ಸೇರಿ ಒಂದು ತಿಂಗಳಾತು. ನಾವು ಮಾಂಸ ತಿನ್ನಂಗಿಲ್ಲ. ಈಗ ಬೆಳಕಿಗೆ ಹಿಡಿದು ನೋಡಿದೆ, ಎಡಗಣ್ಣಾಗ ನೀವು ಹೇಳಿದಂಗ ಬಿಳೇದು ಐತಿ, ಗುಡ್ಡಿ ಹೊಳೀತೈತಿ. ಕಾರ್ಡಿನ್ಯಾಗ ಎ ವಿಟಮಿನ್ ಎರಡೇ ಸಲ ಬರದಾರ.

ಕಣ್ಣಿನ ಡಾಕ್ಟರ್:
ಗುಡ್ಡೆ ಹೊಳೀತಿದೆ ಅಂದ್ರಲ್ಲ, ಸಮಾಧಾನ ಆಯ್ತು. ಬಿಳಿ ಮಚ್ಚೆನ ಅಲ್ಲಿಯ ಡಾಕ್ಟರ್‌ಗೆ ತೋರಿಸಿ.

ನಿಮ್ಮನ್ನ ಬೈತಿಲ್ಲ ಅಮ್ಮ, ನಮ್ಮ ಅಜ್ಜಿ ಮನೇಲೂ ಹಾಗೇ ಮಾಡ್ತಿದ್ರು. ಆದ್ರೆ ಏನಾಯ್ತು ನೋಡಿ. ದಡಾರ ಬಂದಾಗ ಮೈ ಈ ವಿಟಮಿನ್‌ನ ಸುಡುಸುಡು ಖರ್ಚು ಮಾಡುತ್ತೆ, ಅದಕ್ಕೇ ದಡಾರ ಬಂದ ಪ್ರತಿ ಮಗುವಿಗೂ, ಕಣ್ಣು ಚೆನ್ನಾಗಿದ್ರೂ, ಎರಡು ದಿನ ಎರಡು ಡೋಸ್ ಕೊಡ್ಬೇಕು ಅಂತ ಇರೋದು. ಖರ್ಚು ಜಾಸ್ತಿ ಆದ ಹೊತ್ತಲ್ಲೇ ಎಣ್ಣೆ, ಸೊಪ್ಪು ಎರಡೂ ನಿಂತುಹೋಯ್ತು, ಭೇದಿಲಿ ಉಳಿದದ್ದೂ ಹೋಯ್ತು. ಅಮ್ಮನ ಪೂಜೆ ಮಾಡಿ, ಬೇವು ಕಟ್ಟಿ, ಅದ್ರಿಂದ ಏನೂ ತೊಂದ್ರೆ ಇಲ್ಲ, ಮಗುವಿನ ತಟ್ಟೆಗೆ ಮಾತ್ರ ಒಂದು ಚಮಚ ತುಪ್ಪ, ಬೇಯಿಸಿದ ಸೊಪ್ಪು ಬೀಳ್ತಾ ಇರ್ಲಿ.

ಅಂಗನವಾಡಿ ಟೀಚರ್, ಕೊಪ್ಪಳ ಜಿಲ್ಲೆ:
ಅಕ್ಕಾರೆ, ಎರಡೇ ಸಲ ಅಂದ್ರಲ್ಲ, ಅದು ಎಲ್ಲಾ ಊರಾಗೂ ಹಂಗೇ ಆಗ್ತೈತಿ. ಒಂಬತ್ತು ತಿಂಗಳಿಗೆ ಸೂಜಿ ಜೊತಿ ಒಂದು ಎಂ.ಎಲ್., ಆಮೇಲೆ ಐದು ವರ್ಷ ತುಂಬೋ ತನಕ ಆರಾರು ತಿಂಗಳಿಗೆ ಎರಡು ಎಂ.ಎಲ್., ಒಟ್ಟು ಒಂಬತ್ತು ಸಲ ಐತಿ. ಸೂಜಿ ಮುಗೀತಂದ್ರ ತಾಯಂದಿರು ಬರೋದು ಬಿಡ್ತಾರ. ನಾವು ಬಾಟ್ಲಿ ಜೊತಿ ಬಂದ ಚಮಚದಾಗೇ ಕೊಡ್ತೀವಿ, ಮನಿ ಚಮಚದಾಗ ಅಳತಿ ತಪ್ತೈತಿ. ಹೋದ ವರ್ಷ ಒಂದು ಹುಡುಗಂಗ ಗೊಬ್ಬರ ಬಂದಾಗ ಸಿರಪ್ ತಗೊಂಡು ಮನೀಗೆ ಹೋದ್ರ ಅಮ್ಮ ಮುನಿಸ್ಕೋತಾಳ ಅಂತ ಬಾಗಿಲಾಗೇ ನಿಂದ್ರಿಸಿದ್ರು, ಮೂರನೇ ದಿನ ಆ ಹುಡುಗನ ಅಜ್ಜೀನೇ ಕರೆಸಿ ಹಾಕಿಸಿದ್ಲು. ನಿಮ್ಮ ಸಣ್ಣ ಮಕ್ಕಳಿದ್ರ ಅವ್ರ ಕಾರ್ಡೂ ತಗೊಂಡು ಹೋಗ್ರಿ.

ಬೆಂಗಳೂರಿನ ಒಬ್ಬ ತಂದೆ:
ಡಾಕ್ಟರ್, ನನ್ನ ಮಗನಿಗೂ ಇದೇ ಪ್ರಾಬ್ಲಮ್, ಒಂಬತ್ತು ವರ್ಷ, ಥಿಯೇಟರ್ ಒಳಗೆ ಹೋದ್ರೆ ಕೈ ಬಿಡಲ್ಲ, ಪವರ್ ಕಟ್ ಆದ್ರೆ ಅಳ್ತಾನೆ. ಊಟ ಚೆನ್ನಾಗಿ ಮಾಡ್ತಾನೆ, ಮೊಟ್ಟೆ ಲಿವರ್ ಎಲ್ಲಾ ತಿಂತಾನೆ. ನಮ್ಮ ಏರಿಯಾ ಕ್ಲಿನಿಕ್ ಒಂದರಲ್ಲಿ ಹೇಳಿದ್ರು ಅಂತ ಎರಡು ತಿಂಗಳಲ್ಲಿ ನಾಲ್ಕು ಸಲ ವಿಟಮಿನ್ ಎ ಕೊಡ್ಸಿದೀವಿ, ಏನೂ ಚೇಂಜ್ ಇಲ್ಲ. ಇನ್ನೊಂದು ಡೋಸ್ ಕೊಡ್ಸ್ಲಾ?

ಕಣ್ಣಿನ ಡಾಕ್ಟರ್:
ಬೇಡ, ದಯವಿಟ್ಟು ನಿಲ್ಸಿ. ಕೊರತೆಯಿಂದ ಬಂದ ಇರುಳುಗಣ್ಣು ಸಿರಪ್ ಬಿದ್ದ ಒಂದೆರಡು ದಿನದಲ್ಲೇ ಬಿಡೋಕೆ ಶುರು ಆಗುತ್ತೆ. ನಾಲ್ಕು ಡೋಸ್‌ಗೂ ಬಗ್ಗಲಿಲ್ಲ ಅಂದ್ರೆ, ಅದೂ ಇಷ್ಟು ಚೆನ್ನಾಗಿ ಊಟ ಮಾಡೋ ಹುಡುಗನಿಗೆ, ಕಾರಣ ಬೇರೆ ಕಡೆ ಹುಡುಕ್ಬೇಕು. ಈ ವಿಟಮಿನ್ ನೀರಿನ ಹಾಗೆ ಮೂತ್ರದಲ್ಲಿ ಹೋಗಲ್ಲ, ಲಿವರ್‌ನಲ್ಲೇ ಕೂರುತ್ತೆ. ತಲೆನೋವು, ವಾಂತಿ ಏನಾದ್ರೂ ಇದೆಯಾ? ನೀವೂ ನಿಮ್ಮ ಮನೆಯವರೂ ಮೊದಲಿಂದ ಸಂಬಂಧಿಕರಾ? ಹಗಲಲ್ಲಿ ಪಕ್ಕದಲ್ಲಿರೋ ಕುರ್ಚಿ, ಬಾಗಿಲು ತಾಗಿಸ್ಕೊಳ್ತಾನಾ?

ಬೆಂಗಳೂರಿನ ಒಬ್ಬ ತಂದೆ:
ವಾಂತಿ ಇಲ್ಲ ಸರ್. ಹೌದು, ನಮ್ಮಕ್ಕನ ಮಗಳನ್ನೇ ಮದುವೆ ಆಗಿರೋದು. ಕುರ್ಚಿ ತಾಗಿಸ್ಕೊಳ್ತಾನೆ, ನಾವು ತುಂಟತನ ಅನ್ಕೊಂಡಿದ್ವಿ.

ಕಣ್ಣಿನ ಡಾಕ್ಟರ್:
ಇಲ್ಲಿ ಕೂತ್ಕೊಂಡು ಇದೇ ಅಂತ ಹೇಳೋಕಾಗಲ್ಲ. ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾ, ನೋಡೋ ಡಾಕ್ಟರ್ ಹತ್ರ ಈ ವಾರವೇ ಕರ್ಕೊಂಡು ಹೋಗಿ, ಕಣ್ಣಿಗೆ ಔಷಧಿ ಹನಿ ಹಾಕಿ ಹಿಂಭಾಗ ನೋಡ್ಬೇಕು, ರೆಟಿನಾ ಬೆಳಕಿಗೆ ಹೇಗೆ ಕೆಲಸ ಮಾಡುತ್ತೆ ಅಂತ ಅಳೆಯೋ ಇ.ಆರ್.ಜಿ. ಅಂತ ಒಂದು ಟೆಸ್ಟ್ ಮಾಡ್ಬೇಕಾಗ್ಬಹುದು. ಹತ್ತಿರದ ಸಂಬಂಧದಲ್ಲಿ ಮದುವೆ ಆದವರ ಮಕ್ಕಳಲ್ಲಿ ಹುಟ್ಟಿನಿಂದ ಬರೋ ಕೆಲವು ರೆಟಿನಾ ಕಾಯಿಲೆ ಜಾಸ್ತಿ, ಅವು ಶುರು ಆಗೋದೂ ಹೀಗೇ ಕತ್ತಲೆಯಲ್ಲೇ. ರಿಪೋರ್ಟ್ ಬಂದ ಮೇಲೆ ಬೇರೆ ಪೋಸ್ಟ್ ಹಾಕಿ, ಮಾತಾಡೋಣ.

ಸಿಂಧನೂರು ಕಡೆಯ ತಾಯಿ, ನಾಲ್ಕು ದಿನ ಬಿಟ್ಟು:
ಡಾಕ್ಟ್ರೇ, ಗುರುವಾರ ಒಂದು, ಶುಕ್ರವಾರ ಒಂದು ಹಾಕಿದ್ರು. ಶನಿವಾರ ಸಂಜೀಕ ಕರೆಂಟ್ ಹೋಗಿತ್ತು, ನಾನು ಒಲಿ ಮುಂದ ಇದ್ದೆ, ಆಕಿ ತಾನಾಗೇ ಎದ್ದು ಬಂದು ಮೂಲ್ಯಾಗಿನ ಕೊಡದ ಮ್ಯಾಲಿನ ತಂಬಿಗಿ ತಗೊಂಡು ನೀರು ಕುಡದ್ಲು. ಗ್ವಾಡಿ ಹಿಡೀಲಿಲ್ಲ ರೀ. ನನಗ ಅಳುನೇ ಬಂತು. ಆದ್ರ ಬಿಳೇದು ಹಂಗೇ ಐತಿ. ಇನ್ನೊಂದು, ಎರಡು ವರ್ಷದ ಮಗನೂ ಅದೇ ಉಂಡಾನ, ಅವನಿಗೂ ಗೊಬ್ಬರ ಎದ್ದಿತ್ತು, ಅವನಿಗ್ಯಾಕ ಏನೂ ಆಗಲಿಲ್ಲ?

ಕಣ್ಣಿನ ಡಾಕ್ಟರ್:
ತಂಬಿಗೆ ವಿಷಯ ಓದಿ ತುಂಬಾ ಸಂತೋಷ ಆಯ್ತು, ಕೊರತೆನೇ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಮಚ್ಚೆ ನಿಧಾನ, ವಾರಗಟ್ಲೆ ತಗೊಳ್ಳುತ್ತೆ, ಕೆಲವು ಮಕ್ಕಳಲ್ಲಿ ಪೂರ್ತಿ ಹೋಗದೆ ಉಳಿಯೋದೂ ಇದೆ, ನೋಟಕ್ಕೆ ಅದ್ರಿಂದ ತೊಂದ್ರೆ ಇಲ್ಲ. ತಮ್ಮನಿಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಖಚಿತ ಉತ್ತರ ನನ್ನ ಹತ್ರ ಇಲ್ಲ. ಇನ್ನೂ ಎದೆಹಾಲು ಕುಡೀತಿದ್ರೆ ಅದು ಕಾಪಾಡಿರ್ಬಹುದು, ಅಕ್ಕನ ಹೊಟ್ಟೇಲಿ ಜಂತುಹುಳ ಇರ್ಬಹುದು, ಅದನ್ನೂ ಅಲ್ಲೇ ಕೇಳಿ. ಆದ್ರೆ ಅವನಿಗೂ ಗೊಬ್ಬರ ಬಂದಿದ್ರಿಂದ, ಚೆನ್ನಾಗಿದಾನೆ ಅಂತ ಬಿಡ್ಬೇಡಿ, ನಾಳೆನೇ ಕರ್ಕೊಂಡು ಹೋಗಿ ಅವನ ಡೋಸ್ ಕೇಳಿ.

ಮಾಂಸ ತಿನ್ನಲ್ಲ ಅಂದ್ರಲ್ಲ, ಪರವಾಗಿಲ್ಲ. ಹಿತ್ತಲಲ್ಲಿ ನುಗ್ಗೆ ಗಿಡ ಇದ್ರೆ ಅದು ಗಜ್ಜರಿಗಿಂತ ಮೇಲು, ಒಂದು ದೊಡ್ಡ ಹಿಡಿ ಎಲೆ ಬೇಯಿಸಿ ಬೇಳೆ ಜೊತೆ ಮಸೆದು ಒಂದು ಚಮಚ ಎಣ್ಣೆ ಒಗ್ಗರಣೆ ಹಾಕಿದ್ರೆ ಅವತ್ತಿನ ಪಾಲು ಮುಗೀತು. ಹರಿವೆ, ಮೆಂತ್ಯ, ಪಪ್ಪಾಯ, ಯಾವುದು ಸಿಕ್ಕುತ್ತೋ ಅದು. ಹಾಲು ಕೊಡಿ. ತಿನ್ನೋರ ಮನೇಲಾದ್ರೆ ವಾರಕ್ಕೆ 50 ಗ್ರಾಂ ಕುರಿ ಲಿವರ್ ಸಾಕು, ಅದರಲ್ಲಿ ಕಚ್ಚಾ ಮಾಲಲ್ಲ, ಸಿದ್ಧ ವಿಟಮಿನ್ನೇ ಇರುತ್ತೆ. ಕಣ್ಣು ಕಂಡಿತು ಅಂತ ಮೂರನೇ ಡೋಸ್ ಮಾತ್ರ ಬಿಡ್ಬೇಡಿ, ಕಣಜ ತುಂಬೋದು ಅದ್ರಿಂದಲೇ.

ಸಿಂಧನೂರು ಕಡೆಯ ತಾಯಿ:
ಆತು ರೀ. ನುಗ್ಗಿ ಗಿಡ ಬಾಜೂ ಮನ್ಯಾಗ ಐತಿ, ಕೇಳಿದ್ರ ಕೊಡ್ತಾರ. ನಾಳೆ ಮಗನ್ನ ಕರಕೊಂಡು ಹೋಗ್ತೀನಿ, ಮಗಳ ಮೂರನೇದ್ರ ತಾರೀಖು ಕಾರ್ಡಿನ ಮ್ಯಾಲ ಬರಸ್ಕೊಂಡು ಬರ್ತೀನಿ.