ಮೊದಲ ವರ್ಷ 5,500, ಎರಡನೇ ವರ್ಷ 19,000: ವೆಬ್‌ಸೈಟ್ ಖರ್ಚಿಗೆ ಎಷ್ಟು ಎತ್ತಿಡಬೇಕು?

ಕೇಳಿದವರು: ಶಿರಸಿ ಹತ್ತಿರ ನಮ್ಮದು ಮನೆಯಲ್ಲೇ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಹೋದ ವರ್ಷ ತಮ್ಮನ ಗೆಳೆಯ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿಕೊಟ್ಟ, ಎಲ್ಲ ಸೇರಿ 5,500 ಆಗಿತ್ತು. ಈಗ ರಿನ್ಯೂ ಮಾಡಲು ಹೋದರೆ 19,000 ಹತ್ತಿರ ಬರ್ತಿದೆ. ತಿಂಗಳಿಗೆ 45 ಆರ್ಡರ್, ಒಂದೊಂದು ಸುಮಾರು 650 ರೂಪಾಯಿ. ಇದು ಸರೀನಾ? ವರ್ಷಕ್ಕೆ ನಿಜವಾಗಿ ಎಷ್ಟು ಎತ್ತಿಡಬೇಕು?

---

ಪುತ್ತೂರಿನ ಬ್ಲಾಗರ್: 19,000 ಜಾಸ್ತಿ ಆಯ್ತು. ನನ್ನ ಅಡುಗೆ ಬ್ಲಾಗ್ ವರ್ಷಕ್ಕೆ 4,000ದಲ್ಲಿ ನಡೀತಿದೆ. ಪ್ಲಗಿನ್ ಮಾತ್ರ ರಿನ್ಯೂ ಮಾಡಲೇಬೇಕು, ಲೈಸೆನ್ಸ್ ಮುಗಿದ ದಿನವೇ ಅದು ನಿಂತುಹೋಗುತ್ತೆ. ಎಸ್‌ಎಸ್‌ಎಲ್‌ಗೆ ಅಂತ ಬೇರೆ 3,000 ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಸೈಟ್ ಸುರಕ್ಷಿತವಲ್ಲ ಅಂತ ಬ್ರೌಸರ್ ತೋರಿಸುತ್ತೆ.

ಹುಬ್ಬಳ್ಳಿಯ ಡೆವಲಪರ್: ಎಸ್‌ಎಸ್‌ಎಲ್‌ಗೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಉಚಿತ, ಬಹುತೇಕ ಹೋಸ್ಟಿಂಗ್‌ಗಳಲ್ಲಿ ತಾನಾಗಿಯೇ ನವೀಕರಣ ಆಗುತ್ತೆ. ರಿನ್ಯೂ ಮಾಡುವಾಗ ಕಾರ್ಟ್‌ನಲ್ಲಿ ಎಸ್‌ಎಸ್‌ಎಲ್, ಬ್ಯಾಕಪ್, ಸೆಕ್ಯುರಿಟಿ ಅಂತ ಮೂರ್ನಾಲ್ಕು ಟಿಕ್ ಮೊದಲೇ ಬಿದ್ದಿರುತ್ತವೆ, ಒಂದೊಂದನ್ನೇ ನೋಡಿ ತೆಗೆಯಿರಿ.

ಪ್ಲಗಿನ್ ವಿಷಯವೂ ಪೂರ್ತಿ ಹಾಗಲ್ಲ. ಹೆಚ್ಚಿನವು ಲೈಸೆನ್ಸ್ ಮುಗಿದರೂ ಓಡುತ್ತಿರುತ್ತವೆ, ಅಪ್‌ಡೇಟ್ ಮತ್ತು ಸಪೋರ್ಟ್ ಮಾತ್ರ ನಿಲ್ಲುತ್ತವೆ. ತೊಂದರೆ ಬರುವುದು ಆರು ತಿಂಗಳ ಮೇಲೆ. ವರ್ಡ್‌ಪ್ರೆಸ್ ಮುಂದೆ ಹೋಗಿರುತ್ತೆ, ಪ್ಲಗಿನ್ ಹಿಂದೆಯೇ ಉಳಿದಿರುತ್ತೆ, ಒಂದು ದಿನ ಚೆಕ್‌ಔಟ್ ಪುಟ ಬಿಳಿಯಾಗಿ ಕೂರುತ್ತೆ. ದುಡ್ಡು ತೆಗೆದುಕೊಳ್ಳುವ ಸೈಟಿನಲ್ಲಿ ಹಳೇ ಪ್ಲಗಿನ್ ಇಡಬಾರದು. ಒಂದೋ ರಿನ್ಯೂ ಮಾಡಿ, ಇಲ್ಲ ತೆಗೆದುಹಾಕಿ.

ಶಿರಸಿಯವರೇ, ಡೊಮೇನ್, ಹೋಸ್ಟಿಂಗ್, ಪ್ಲಗಿನ್ ಮೂರರ ಬಿಲ್ ಬಿಡಿಬಿಡಿಯಾಗಿ ಹೇಳ್ತೀರಾ?

ಕೇಳಿದವರು: ಡಾಟ್ ಕಾಮ್ ಡೊಮೇನ್ 1,400. ಹೋಸ್ಟಿಂಗ್ ತಿಂಗಳಿಗೆ 449, ಹೋದ ವರ್ಷ 149 ಇತ್ತು. ಪ್ಲಗಿನ್ ಎರಡು, ಪುಟ ಮಾಡುವ ಬಿಲ್ಡರ್ ಒಂದು, ತೂಕದ ಮೇಲೆ ಕೊರಿಯರ್ ಚಾರ್ಜ್ ಹಾಕುವುದು ಒಂದು. ಎರಡೂ ಸೇರಿ 100 ಡಾಲರ್.

ಹುಬ್ಬಳ್ಳಿಯ ಡೆವಲಪರ್: ಹಾಗಾದರೆ 19,000 ಸರಿಯಾಗಿಯೇ ಬರುತ್ತೆ. ಡೊಮೇನ್ 18% ಜಿಎಸ್‌ಟಿ ಸೇರಿ 1,652. ಹೋಸ್ಟಿಂಗ್ 449ರಂತೆ 12 ತಿಂಗಳಿಗೆ 5,388, ಜಿಎಸ್‌ಟಿ ಸೇರಿ 6,358. ಹೋದ ವರ್ಷದ 149 ಮೊದಲ ಅವಧಿಗೆ ಮಾತ್ರ ಇದ್ದ ಆಫರ್. ನಿಜವಾದ ಬೆಲೆ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತೆ.

ಡಾಲರ್ ಬಿಲ್‌ನಲ್ಲೇ ಎಲ್ಲರೂ ಎಡವುವುದು. 100 ಡಾಲರ್ ಅಂದರೆ 100 ಡಾಲರ್ ಅಲ್ಲ. ಜಿಎಸ್‌ಟಿ ನಂಬರ್ ಇಲ್ಲದ ಗ್ರಾಹಕರಿಗೆ ವಿದೇಶಿ ಕಂಪನಿಯೂ 18% ಸೇರಿಸಬೇಕು, 118 ಆಯ್ತು. ಡಾಲರ್‌ಗೆ 90 ಅಂತ ಹಿಡಿದರೆ 10,620. ಅದರ ಮೇಲೆ ಕಾರ್ಡಿನ ವಿದೇಶಿ ವಿನಿಮಯ ಚಾರ್ಜ್ 3.5% ಇದ್ದರೆ 372, ಆ ಚಾರ್ಜ್ ಮೇಲೂ ಜಿಎಸ್‌ಟಿ 67. ಒಟ್ಟು 11,059. ಮೂರೂ ಕೂಡಿಸಿ ನೋಡಿ, 19,069.

ಮೊದಲ ವರ್ಷ ಈ ಪ್ಲಗಿನ್ ಖರ್ಚು ಯಾಕೆ ಕಾಣಲಿಲ್ಲ ಅಂತ ಊಹಿಸಬಲ್ಲೆ. ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಹಲವು ಸೈಟ್‌ಗೆ ಆಗುವ ಲೈಸೆನ್ಸ್ ಇತ್ತು, ಅದರಲ್ಲೇ ನಿಮ್ಮದನ್ನೂ ಸೇರಿಸಿದ್ದಾನೆ. ನಾನೂ ಹಾಗೆ ಮಾಡಿದ್ದೇನೆ, ಹೇಳದೇ ಇದ್ದದ್ದು ತಪ್ಪು.

ಮೈಸೂರಿನ ಅಕೌಂಟೆಂಟ್: ನಿಮಗೆ ಜಿಎಸ್‌ಟಿ ನಂಬರ್ ಇದೆಯಾ? ಹೊರರಾಜ್ಯಕ್ಕೆ ಉಪ್ಪಿನಕಾಯಿ ಕಳಿಸುತ್ತಿದ್ದರೆ ಹೇಗೂ ಬೇಕು. ಇದ್ದರೆ ಡೊಮೇನ್, ಹೋಸ್ಟಿಂಗ್ ಬಿಲ್‌ಗಳಲ್ಲಿ ಆ ನಂಬರ್ ಹಾಕಿಸಿ, ಕಟ್ಟಿದ 18% ಕ್ರೆಡಿಟ್ ಆಗಿ ವಾಪಸ್ ಬರುತ್ತೆ.

ಗ್ರಾಹಕರು ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಲೆಕ್ಕ ನೀವು ಯಾರೂ ಹಾಕಿಲ್ಲ ನೋಡಿ. ತಿಂಗಳಿಗೆ 45 ಆರ್ಡರ್, 650ರಂತೆ ವರ್ಷಕ್ಕೆ 3,51,000. ಗೇಟ್‌ವೇ 2% ಹಿಡಿದರೆ 7,020, ಅದರ ಮೇಲೆ ಜಿಎಸ್‌ಟಿ ಸೇರಿ 8,284. ನಿಮ್ಮ ಹೋಸ್ಟಿಂಗ್‌ಗಿಂತ ಇದೇ ದೊಡ್ಡ ಖರ್ಚು. ಅದಕ್ಕೆ ಬೇರೆ ಬಿಲ್ ಕೈಗೆ ಬರಲ್ಲ, ಮುರಿದುಕೊಂಡೇ ಬ್ಯಾಂಕಿಗೆ ಹಾಕುತ್ತಾರೆ, ಹಾಗಾಗಿ ಖರ್ಚು ಅಂತ ಅನಿಸುವುದೇ ಇಲ್ಲ. ಆರ್ಡರ್ ರದ್ದಾಗಿ ದುಡ್ಡು ವಾಪಸ್ ಕೊಟ್ಟರೂ ಈ ಚಾರ್ಜ್ ಎಷ್ಟೋ ಕಡೆ ವಾಪಸ್ ಬರಲ್ಲ.

ಕೇಳಿದವರು: ಅಯ್ಯೋ, ಇದನ್ನು ನೋಡಿಯೇ ಇರಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಕೂಡದಿದ್ದಾಗ ನಮ್ಮನೆಯವರನ್ನೇ ಕೇಳ್ತಿದ್ದೆ.

ತುಮಕೂರಿನ ಫೋಟೋಗ್ರಾಫರ್: ಪ್ಲಗಿನ್ ಬಿಡಿ, ನನ್ನ ಕಥೆ ಕೇಳಿ. ಮದುವೆ ಫೋಟೋ ಸೈಟ್, ಡೊಮೇನ್ ಆಟೋ ರಿನ್ಯೂವಲ್‌ನಲ್ಲಿ ಇಟ್ಟು ಮರೆತಿದ್ದೆ. ಹಳೇ ಕಾರ್ಡ್ ಅವಧಿ ಮುಗಿದಿತ್ತು, ದುಡ್ಡು ಕಡಿತ ಆಗಲಿಲ್ಲ. ಎಚ್ಚರಿಕೆ ಮೇಲ್ ಬಂದಿದ್ದವು, ಆದರೆ ಯಾವ ವಿಳಾಸಕ್ಕೆ? ಅದೇ ಡೊಮೇನ್‌ನ ಇನ್ಫೋ ಮೇಲ್‌ಗೆ! ಮೊದಲು ಬಂದವನ್ನು ನಾನು ತೆರೆದಿರಲಿಲ್ಲ, ಡೊಮೇನ್ ನಿಂತ ಮೇಲೆ ಆ ಮೇಲೂ ಸತ್ತಿತು. ಗೊತ್ತಾಗುವಷ್ಟರಲ್ಲಿ ರಿಡೆಂಪ್ಷನ್ ಹಂತಕ್ಕೆ ಹೋಗಿತ್ತು. ಬಿಡಿಸಿಕೊಳ್ಳಲು ರಿನ್ಯೂವಲ್ ಅಲ್ಲದೆ ಬೇರೆ ಏಳು ಸಾವಿರದ ಮೇಲೆ ಹೋಯ್ತು. ಈಗ ಡೊಮೇನ್ ಅಕೌಂಟಿಗೆ ಜಿಮೇಲ್ ವಿಳಾಸ, ಮೂರು ವರ್ಷದ ದುಡ್ಡು ಒಮ್ಮೆಗೇ ಕಟ್ಟಿದ್ದೇನೆ. ಹೋಸ್ಟಿಂಗ್‌ನೂ ಹೊಸದಾಗಿ ತೆಗೆದುಕೊಳ್ಳುವಾಗಲೇ ನಾಲ್ಕು ವರ್ಷಕ್ಕೆ ಒಟ್ಟಿಗೆ ತೆಗೆದುಕೊಳ್ಳಿ, ಅಷ್ಟೂ ಅವಧಿಗೆ ಆಫರ್ ಬೆಲೆಯಲ್ಲೇ ಸಿಗುತ್ತೆ.

ಹುಬ್ಬಳ್ಳಿಯ ಡೆವಲಪರ್: ಡೊಮೇನ್ ಮೂರು ವರ್ಷಕ್ಕೆ ಸರಿ. ಹೋಸ್ಟಿಂಗ್ ನಾಲ್ಕು ವರ್ಷಕ್ಕೆ ಅಂದರೆ ನಾನು ಒಪ್ಪಲ್ಲ, ಎರಡನೇ ವರ್ಷ ಸರ್ವರ್ ನಿಧಾನ ಆದರೆ ಕಟ್ಟಿದ ದುಡ್ಡು ಬಿಟ್ಟು ಬರಬೇಕು.

ತುಮಕೂರಿನ ಫೋಟೋಗ್ರಾಫರ್: ನನಗೆ ಮೂರನೇ ವರ್ಷ ನಡೀತಿದೆ, ಏನೂ ಆಗಿಲ್ಲ. ನೀವು ಹೇಳೋದು ಕಂಪನಿ ಮೇಲೆ ಹೋಗುತ್ತೆ.

ಹುಬ್ಬಳ್ಳಿಯ ಡೆವಲಪರ್: ಇರಬಹುದು. ಈಗ ಉಳಿಸುವ ಜಾಗಕ್ಕೆ ಬರೋಣ, ಅದು ಪ್ಲಗಿನ್‌ನಲ್ಲಿದೆ. ಐದಾರು ಪುಟದ ಅಂಗಡಿಗೆ ದುಡ್ಡಿನ ಬಿಲ್ಡರ್ ಬೇಡ, ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರ್ ಸಾಕು. ಆದರೆ ಬಿಲ್ಡರ್ ಸುಮ್ನೆ ತೆಗೆದರೆ ಪುಟದ ಅಂದ ಚದುರಿಹೋಗುತ್ತೆ, ಹೊಸದಾಗಿ ಕಟ್ಟಿ ಆಮೇಲೆ ತೆಗೆಯಿರಿ. ಎರಡು ದಿನದ ಕೆಲಸ.

ಕೊರಿಯರ್ ಪ್ಲಗಿನ್ ಕೂಡ ನಿಮಗೆ ಬೇಕಿಲ್ಲ ಅನಿಸುತ್ತೆ. ಬಾಟಲಿ ಎಷ್ಟು ಥರ ಇದೆ?

ಕೇಳಿದವರು: ಎರಡೇ. ಅರ್ಧ ಕೆಜಿ, ಒಂದು ಕೆಜಿ.

ಹುಬ್ಬಳ್ಳಿಯ ಡೆವಲಪರ್: ಹಾಗಿದ್ದರೆ ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ನಡೆಸುವ ವೂಕಾಮರ್ಸ್ ಪ್ಲಗಿನ್‌ನಲ್ಲೇ ಆಗುತ್ತೆ. ಎರಡು ಶಿಪ್ಪಿಂಗ್ ಕ್ಲಾಸ್ ಮಾಡಿ, ಅರ್ಧ ಕೆಜಿಗೆ ಒಂದು, ಒಂದು ಕೆಜಿಗೆ ಒಂದು. ಆಮೇಲೆ ಶಿಪ್ಪಿಂಗ್ ಜೋನ್ ಮಾಡಿ. ಬೆಂಗಳೂರಿಗೆ ಬೇರೆ ದರ ಬೇಕಿದ್ದರೆ ಪಿನ್‌ಕೋಡ್ ಜಾಗದಲ್ಲಿ ಹೀಗೆ ಹಾಕಬಹುದು:

```
560*
```

ಆ ಜೋನ್‌ಗೆ ಫ್ಲಾಟ್ ರೇಟ್ ಸೇರಿಸಿ, ಪ್ರತಿ ಕ್ಲಾಸ್‌ನ ಮುಂದೆ ನಿಮ್ಮ ಕೊರಿಯರ್ ದರ. ಅರ್ಧ ಕೆಜಿಗೆ 45 ಅಂತ ಇಟ್ಟುಕೊಂಡರೆ:

```
45 * [qty]
```

ಒಂದೇ ಮಿತಿ ಅಂದರೆ ಇದು ತೂಕ ನೋಡಲ್ಲ, ಬಾಟಲಿ ಎಣಿಸುತ್ತೆ ಅಷ್ಟೇ. ಒಬ್ಬರು ಹನ್ನೆರಡು ಬಾಟಲಿ ತೆಗೆದುಕೊಂಡರೆ ನಿಜವಾದ ಚಾರ್ಜ್‌ಗಿಂತ ಜಾಸ್ತಿ ತೋರಿಸಬಹುದು. ಅಂಥ ಆರ್ಡರ್ ವಾರಕ್ಕೆ ಒಂದೆರಡು ಇದ್ದರೆ ಪ್ಲಗಿನ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಎರಡೂ ಬಿಟ್ಟರೆ ಸೈಟ್ ಖರ್ಚು 8,010, ಗೇಟ್‌ವೇ 8,284. ಸಣ್ಣ ರಿಪೇರಿಗೆ ಒಂದೆರಡು ಸಾವಿರ ಸೇರಿಸಿ, 18,000 ಎತ್ತಿಡಿ. ಇದ್ದಂತೆಯೇ ಮುಂದುವರಿಸಿದರೆ 29,000ಕ್ಕೆ ಹೋಗುತ್ತೆ.

ಪುತ್ತೂರಿನ ಬ್ಲಾಗರ್: ನಾನು ಕಾರ್ಟ್ ತೆರೆದು ನೋಡಿದೆ, ಎಸ್‌ಎಸ್‌ಎಲ್ ಟಿಕ್ ನಿಜವಾಗಿಯೂ ಬಿದ್ದಿತ್ತು. ಮೂರು ವರ್ಷ ಕಟ್ಟಿದ್ದೇನೆ!

ಕೇಳಿದವರು: ಇನ್ನೊಂದು ತಲೆನೋವು. ನಿನ್ನೆ ರಾತ್ರಿ ನೋಡಿದರೆ ಡೊಮೇನ್ ಆ ಹುಡುಗನ ಅಕೌಂಟಿನಲ್ಲೇ ಇದೆ. ಅವನು ಈಗ ದುಬೈನಲ್ಲಿ. ಅವಧಿ ಮುಗಿಯಲು 23 ದಿನ ಇದೆ.

ಹುಬ್ಬಳ್ಳಿಯ ಡೆವಲಪರ್: ಬೇರೆ ಕೆಲಸ ಬಿಡಿ, ಇದನ್ನು ಮೊದಲು ಮಾಡಿ. ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಅಂತ ಈಗ ಹೋಗಬೇಡಿ. ಅದೇ ಕಂಪನಿಯಲ್ಲಿ ನಿಮ್ಮ ಹೆಸರಲ್ಲಿ ಒಂದು ಅಕೌಂಟ್ ತೆರೆಯಿರಿ, ಅವನ ಅಕೌಂಟಿನಿಂದ ಅದಕ್ಕೆ ಡೊಮೇನ್ ದಾಟಿಸಲು ಹೇಳಿ. ಸಾಮಾನ್ಯವಾಗಿ ಅದಕ್ಕೆ ದುಡ್ಡಿಲ್ಲ, ಅವನು ಫೋನಿನಲ್ಲೇ ಮಾಡಬಹುದು. ದಾಟಿದ ದಿನವೇ ರಿನ್ಯೂ ಮಾಡಿ, ಮೇಲ್ ವಿಳಾಸ ಜಿಮೇಲ್ ಕೊಡಿ. ಹುಡುಗನಿಗೆ ಇವತ್ತೇ ವಾಟ್ಸಾಪ್ ಮಾಡಿ, ಅಲ್ಲಿ ಶನಿವಾರ ರಜೆ ಇರುತ್ತೆ.