ಬೀಟೆ ಮರದ ಫಲಕಕ್ಕೆ ಜರ್ಮನಿಯ ಗಿರಾಕಿ: ಕಳಿಸೋದು ಹೇಗೆ?

ಪ್ರಶ್ನೆ: ಅಪ್ಪನಿಗೆ 67. ಮೈಸೂರಲ್ಲಿ ಬೀಟೆ ಮರದಲ್ಲಿ ಬೇರೆ ತುಂಡು ಕೂರಿಸಿ ಚಿತ್ರ ಮಾಡುವ ಇನ್ಲೇ ಕೆಲಸ. ಹೋದ ತಿಂಗಳು ತಾವೇ ಕೂತು ಫೋನಲ್ಲಿ ವಾಟ್ಸಾಪ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಂಡು ಹತ್ತು ಫೋಟೊ ಹಾಕಿದರು. ಈಗ ಜರ್ಮನಿಯಿಂದ ಒಬ್ಬರು 12×18 ಇಂಚಿನ ಆನೆ ಫಲಕ ಕೇಳಿದ್ದಾರೆ. ಹೊರದೇಶದ ಗಿರಾಕಿ ಇದೇ ಮೊದಲು. ಗೊತ್ತಿದ್ದವರು ಹೇಳಿ.

ಮಂಡ್ಯದಿಂದ: ಬೀಟೆ ಹೊರಗೆ ಕಳಿಸೋ ಹಾಗಿಲ್ಲ ಕಣಕ್ಕ. ಅಳಿವಿನ ಭಯವಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಟ್ಟು ಹಾಕೋ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2017ರಲ್ಲೇ ಸೇರಿಸಿದ್ದಾರೆ. ತೇಗದಲ್ಲಿ ಮಾಡಿಕೊಡಲಿ.

ಮಂಡಿ ಮೊಹಲ್ಲಾದಿಂದ: ಪಟ್ಟಿಗೆ ಸೇರಿದ್ದು ನಿಜ, ಆದರೆ ಅದು ನಿಷೇಧವಲ್ಲ. ದಿಮ್ಮಿ, ಹಲಗೆಗೆ ಇರುವ ಕಟ್ಟು ತಯಾರಾದ ಕರಕುಶಲ ವಸ್ತುವಿಗೆ ಇಲ್ಲ. ಬೀಟೆಯ ತೂಕ 10 ಕೆಜಿ ಒಳಗಿದ್ದರೆ ಸೈಟಿಸ್ ಪರವಾನಗಿ ಬೇಡ ಎಂದು 2019ರಲ್ಲಿ ಆಯಿತು. ಆ ಲೆಕ್ಕ ಇಡೀ ಪಾರ್ಸೆಲಿಗಲ್ಲ, ಒಂದೊಂದು ವಸ್ತುವಿಗೆ ಎಂದು 2022ರಲ್ಲಿ ಸ್ಪಷ್ಟಪಡಿಸಿದರು. ಮುಕ್ಕಾಲು ಇಂಚು ದಪ್ಪದ ನಿಮ್ಮ ಫಲಕ ಎರಡೂವರೆ ಕೆಜಿ ದಾಟುವುದಿಲ್ಲ.

ಆದರೂ ಕಸ್ಟಮ್ಸ್‌ನವರು ಮರ ಎಲ್ಲಿಂದ ಬಂತು ಎಂದು ಕೇಳಬಹುದು. ಅಪ್ಪಾಜಿ ಮರ ಕೊಂಡ ಬಿಲ್ಲು ಹುಡುಕಿಡಿ. ಇನ್‌ವಾಯ್ಸ್‌ನಲ್ಲಿ ಬರೀ ‘ಮರದ ವಸ್ತು’ ಎಂದು ಬರೆದರೆ ಅನುಮಾನ ಹುಟ್ಟುತ್ತದೆ. ಬೀಟೆಯ ವೈಜ್ಞಾನಿಕ ಹೆಸರು Dalbergia latifolia ಎಂದು ಬರೆದು, ಮರದ ತೂಕ ಬೇರೆಯಾಗಿ ಹಾಕಿ.

ಸರಸ್ವತಿಪುರಂನಿಂದ: ಇಷ್ಟೆಲ್ಲ ಯಾಕೆ? ನಾನು ಅಮೆರಿಕದ ಮಗನಿಗೆ ಉಡುಗೊರೆ ಎಂದು ಬರೆದೇ ಚಕ್ಕುಲಿ ಕಳಿಸೋದು.

ಮಂಡಿ ಮೊಹಲ್ಲಾದಿಂದ: ಮಗನಿಗೆ ಸರಿ, ಮೇಡಂ. ದುಡ್ಡು ತಗೊಂಡ ಮಾಲಿಗೆ ಹಾಗೆ ಬರೆದರೆ ಸುಳ್ಳು ಘೋಷಣೆ ಆಗುತ್ತೆ. ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ ಬೇಕು. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಕೊಟ್ಟು 500 ರೂಪಾಯಿ ಕಟ್ಟಿದರೆ ಸಿಗುತ್ತದೆ. ಪ್ಯಾನ್, ಆಧಾರ್, ಬ್ಯಾಂಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿ, ವಯಸ್ಸಾದವರ ಅರ್ಜಿ ನಿಲ್ಲೋದು ಅಲ್ಲೇ. ಆಮೇಲೆ ಅಂಚೆಯವರ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ರಫ್ತು ಬಿಲ್ ಆನ್‌ಲೈನಲ್ಲೇ ಸಲ್ಲಿಸಬಹುದು.

ಹಣ ಪೂರ್ತಿ ಮುಂಗಡ ಬರಲಿ, ಬ್ಯಾಂಕಿಗೆ ನೇರ. ಗಿರಾಕಿಗೆ ಖಾತೆ ಸಂಖ್ಯೆ, ಶಾಖೆಯ ಸ್ವಿಫ್ಟ್ ಕೋಡ್ ಕೊಡಿ. ಹೆಚ್ಚು ಕಳಿಸಿದ್ದೀನಿ, ಉಳಿದದ್ದು ವಾಪಸ್ ಹಾಕಿ ಅಂದರೆ ಅದು ಮೋಸ. ಖಾತೆಗೆ ಹಣ ಬಿದ್ದದ್ದನ್ನು ಬ್ಯಾಂಕಲ್ಲೇ ಖಚಿತ ಮಾಡಿಕೊಳ್ಳಿ, ಗಿರಾಕಿ ಕಳಿಸಿದ ರಸೀದಿಯ ಫೋಟೊ ನಂಬಬೇಡಿ.

ಕುವೆಂಪುನಗರದಿಂದ: ಒಂದು ಮಾತು ಬಿಟ್ಟುಹೋಯ್ತು, ಹವೆ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಮನೆಯೊಳಗೆ ಗಾಳಿ ಒಣಗಿ ಮರ ಕುಗ್ಗುತ್ತದೆ. ಕೂರಿಸಿದ ತುಂಡು ಅಷ್ಟೇ ಕುಗ್ಗುವುದಿಲ್ಲ, ಅಂಚು ಎದ್ದು ಆನೆಯ ಸೊಂಡಿಲಿನಂಥ ಸಣ್ಣ ಭಾಗ ಮೊದಲು ಬಿಡುತ್ತದೆ. ಪಾಲಿಶನ್ನು ಮುಂದೆ ಮಾತ್ರವಲ್ಲ, ಹಿಂದೆಯೂ ಹೊಡೆಯಿರಿ. ಒಂದೇ ಮಗ್ಗುಲಿಗೆ ಹೊಡೆದರೆ ಫಲಕ ಬಾಗುತ್ತದೆ. ಹೀಟರಿನ ಮೇಲಿನ ಗೋಡೆಗೆ ತೂಗುಹಾಕಬೇಡಿ ಎಂದು ಚೀಟಿ ಇಡಿ.

ಪ್ರಶ್ನೆ ಕೇಳಿದವರು: ಬಿಲ್ಲು ಸಿಕ್ಕಿತು, 2014ರದ್ದು. ಅಲ್ಲಿನ ತೆರಿಗೆ ಯಾರು ಕಟ್ಟಬೇಕು ಅಂತ ಗಿರಾಕಿ ಕೇಳ್ತಿದ್ದಾರೆ.

ಮಂಡಿ ಮೊಹಲ್ಲಾದಿಂದ: ಬೆಲೆ ಹೇಳುವಾಗಲೇ ಬರೆದುಕೊಡಿ, ತೆರಿಗೆ ತರಿಸಿಕೊಳ್ಳುವವರದ್ದು ಅಂತ.

ಕುವೆಂಪುನಗರದಿಂದ: ಮೊದಲ ಗಿರಾಕಿ ಅಲ್ವಾ, ಅರ್ಧ ಭರಿಸೋದು ಒಳ್ಳೇದು ಅನ್ಸುತ್ತೆ.